ನಡುರಾತ್ರಿಯ ಗೆಲುವಿಗೆ ಎರಡು ಸಾಲು: ಆಟದ ಚಿತ್ರಕ್ಕೆ ಅಡಿಬರಹ ಬರೆಯುವ ಕ್ರಮ

ಗೆಳೆಯರ ತಂಡ ಕಟ್ಟಿಕೊಂಡು ರಾತ್ರಿಯೆಲ್ಲ ಆನ್‌ಲೈನ್ ಆಟವಾಡುವ ಓದುಗರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಗೆದ್ದ ಪರದೆಯ ಚಿತ್ರ ಕೈಯಲ್ಲಿದೆ, ಕಿವಿಯಲ್ಲಿ ಗೆಳೆಯರ ಕೂಗು ಇನ್ನೂ ನಿಂತಿಲ್ಲ, ಆದರೆ ಚಿತ್ರದ ಕೆಳಗೆ ಏನು ಬರೆಯಬೇಕೆಂಬುದು ಮಾತ್ರ ಹೊಳೆಯುವುದಿಲ್ಲ. ‘ಗೆದ್ದೆವು’ ಎಂದಷ್ಟೇ ಬರೆದರೆ ಸಪ್ಪೆ, ‘ನಮ್ಮಂಥವರು ಬೇರೆ ಯಾರೂ ಇಲ್ಲ’ ಎಂದರೆ ಬರೀ ಜಂಬ, ‘ಏನೋ ಅದೃಷ್ಟ’ ಎಂದರೆ ಹುಸಿ ವಿನಯ. ಬಡಾಯಿ ಕೊಚ್ಚಿಕೊಳ್ಳುತ್ತಲೇ ತನ್ನನ್ನು ನೋಡಿ ತಾನೇ ನಗುವ ಅಡಿಬರಹ, ಅಂದರೆ ಕ್ಯಾಪ್ಷನ್, ಬರೆಯುವುದು ಹೇಗೆಂಬುದನ್ನು ಇಲ್ಲಿ ಹಂತಹಂತವಾಗಿ ವಿವರಿಸುತ್ತೇನೆ.

ಎಲ್ಲ ಬಗೆಯ ಆಟಗಳನ್ನೂ ಒಂದೇ ಲೇಖನದಲ್ಲಿ ತುರುಕುವ ಬದಲು, ಹೆಚ್ಚಿನವರು ಕೇಳುವ ‘ಬ್ಯಾಟಲ್ ರಾಯಲ್’ ಆಟವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳುತ್ತೇನೆ. ಅನೇಕ ತಂಡಗಳು ಒಂದೇ ಮೈದಾನಕ್ಕೆ ಇಳಿದು, ಕುಗ್ಗುತ್ತಾ ಬರುವ ವಲಯದೊಳಗೆ ಹೋರಾಡಿ, ಕೊನೆಗೆ ಉಳಿದ ತಂಡ ಗೆಲ್ಲುವ ಆಟಕ್ಕೆ ಈ ಹೆಸರು. ಪಬ್‌ಜಿಯಂಥ ಆಟಗಳಲ್ಲಿ ಸಾಮಾನ್ಯವಾಗಿ 100 ಆಟಗಾರರು ಇಳಿಯುತ್ತಾರೆ, ನಾಲ್ಕು ಜನರ ತಂಡಕ್ಕೆ ‘ಸ್ಕ್ವಾಡ್’ ಎನ್ನುತ್ತಾರೆ. ಈ ಬಗೆಯ ಆಟದ ಒಂದು ನಿಯಮವನ್ನು ಗಮನಿಸಿ: ತಂಡದ ಒಬ್ಬರೇ ಕೊನೆಯವರೆಗೆ ಉಳಿದು ಗೆದ್ದರೂ ನಾಲ್ವರ ಪರದೆಯ ಮೇಲೂ `#1` ಎಂದೇ ಬರುತ್ತದೆ. ಎರಡನೆಯ ನಿಮಿಷದಲ್ಲಿ ಸತ್ತವನೂ ವಿಜೇತನೇ. ‘ಉತ್ತರನ ಪೌರುಷ ಒಲೆಯ ಮುಂದೆ’ ಎಂಬ ಗಾದೆಯನ್ನು ಆಟ ಕಟ್ಟಿದವರು ಕೇಳಿರಲಾರರು, ಆದರೂ ಇಡೀ ಯುದ್ಧವನ್ನು ಬೃಹನ್ನಳೆ ಗೆದ್ದು ಮೆರವಣಿಗೆ ಮಾತ್ರ ಉತ್ತರಕುಮಾರನಿಗೆ ಸಿಗುವ ಏರ್ಪಾಡು ಈ ನಿಯಮದಲ್ಲೇ ಅಡಗಿದೆ. ನಮ್ಮ ಅಡಿಬರಹದ ಹಾಸ್ಯ ಹುಟ್ಟಬೇಕಾದದ್ದು ಇಲ್ಲಿಂದಲೇ.

ಬೇಕಾದ ಸಾಮಗ್ರಿ ಮೂರೇ: ಫಲಿತಾಂಶದ ಪರದೆಯ ಚಿತ್ರ, ಪಂದ್ಯದ ಅಂಕಿಗಳು, ಗೆದ್ದ ಗಳಿಗೆಯ ಸಮಯ.

1. ಪರದೆಯಿಂದ ಹೊರಬರುವ ಮುನ್ನ ಅಂಕಿಗಳನ್ನು ಹಿಡಿದಿಡಿ

ಗೆದ್ದ ಕೂಡಲೇ ಕಾಣುವ ಮೊದಲ ಪರದೆಯಲ್ಲಿ ದೊಡ್ಡ ಅಕ್ಷರದ ಘೋಷಣೆಯಷ್ಟೇ ಇರುತ್ತದೆ. ಬರಹಕ್ಕೆ ಬೇಕಾದದ್ದು ಅದರ ಮುಂದಿನ ಪರದೆ, ಅಂದರೆ ಪ್ರತಿಯೊಬ್ಬರ ಸಾಧನೆಯನ್ನು ಪ್ರತ್ಯೇಕವಾಗಿ ತೋರಿಸುವ ಪಟ್ಟಿ. ಅದರಲ್ಲಿ ‘ಕಿಲ್’ ಎಂದರೆ ನೀವು ಆಟದಿಂದ ಹೊರಹಾಕಿದ ಎದುರಾಳಿಗಳ ಸಂಖ್ಯೆ, ‘ಡ್ಯಾಮೇಜ್’ ಎಂದರೆ ಎದುರಾಳಿಗಳಿಗೆ ನೀವು ಮಾಡಿದ ಒಟ್ಟು ಹಾನಿಯ ಅಂಕ. ಗುಂಡು ತಗುಲಿ ಶಕ್ತಿ ಮುಗಿದ ಆಟಗಾರ ತಂಡದವರು ಇನ್ನೂ ನಿಂತಿದ್ದರೆ ತಕ್ಷಣ ಸಾಯದೆ ನೆಲದ ಮೇಲೆ ತೆವಳುತ್ತಾನೆ, ಇದಕ್ಕೆ ‘ನಾಕ್’ ಎನ್ನುತ್ತಾರೆ. ಗೆಳೆಯರು ಬಳಿಗೆ ಬಂದು ಅವನನ್ನು ಮತ್ತೆ ಎಬ್ಬಿಸುವುದು ‘ರಿವೈವ್’. ಹಾಸ್ಯದ ದೃಷ್ಟಿಯಿಂದ ಕಿಲ್‌ಗಿಂತ ನಾಕ್ ಮತ್ತು ರಿವೈವ್‌ಗಳೇ ಹೆಚ್ಚು ಬೆಲೆಯುಳ್ಳವು, ಆದರೆ ನೀವು ಎಷ್ಟು ಬಾರಿ ಉರುಳಿದಿರಿ ಎಂಬುದು ಎಲ್ಲ ಪಟ್ಟಿಗಳಲ್ಲೂ ಇರುವುದಿಲ್ಲವಾದ್ದರಿಂದ ಅದನ್ನು ನೆನಪಿನಲ್ಲೇ ಇಟ್ಟುಕೊಳ್ಳಬೇಕು. ನೆನಪು ಕೈಕೊಟ್ಟರೆ ಎಬ್ಬಿಸಿದ ಗೆಳೆಯರನ್ನು ಕೇಳಿ, ಅವರು ಮರೆತಿರುವುದಿಲ್ಲ.

ಸಮಯದ ವಿಷಯದಲ್ಲಿ ಒಂದು ತೊಡಕಿದೆ. ಆಟ ಪೂರ್ತಿ ಪರದೆಯನ್ನು ಆವರಿಸಿಕೊಂಡಿರುವಾಗ ಮೊಬೈಲಿನ ಗಡಿಯಾರ ಸಾಮಾನ್ಯವಾಗಿ ಮರೆಯಾಗಿರುತ್ತದೆ, ಹೀಗಾಗಿ ಚಿತ್ರದಲ್ಲಿ ಸಮಯ ಮೂಡುವುದಿಲ್ಲ. ಆದರೆ ಹಲವು ಆಂಡ್ರಾಯ್ಡ್ ಮೊಬೈಲುಗಳಲ್ಲಿ ಚಿತ್ರದ ಕಡತದ ಹೆಸರೇ ಸಮಯವನ್ನು ಹೊತ್ತಿರುತ್ತದೆ. `Screenshot_20250114-024711` ಎಂಬ ಹೆಸರಿದ್ದರೆ ಅದು 2025ರ ಜನವರಿ 14ರಂದು ಬೆಳಗಿನ ಜಾವ 2 ಗಂಟೆ 47 ನಿಮಿಷ 11 ಸೆಕೆಂಡಿಗೆ ತೆಗೆದ ಚಿತ್ರ. ‘ಎರಡೂವರೆಯೋ ಮೂರೋ ಆಗಿತ್ತು’ ಎನ್ನುವುದಕ್ಕಿಂತ ‘2:47’ ಎನ್ನುವುದು ನಗೆಗೆ ಹೆಚ್ಚು ಒದಗುತ್ತದೆ, ಏಕೆಂದರೆ ಅಷ್ಟು ನಿಖರವಾದ ಲೆಕ್ಕವನ್ನು ಇಟ್ಟುಕೊಂಡವನು ನಿದ್ದೆಗೆಟ್ಟವನೇ ಇರಬೇಕು.

ಇನ್ನು ಮುಂದಿನ ಹಂತಗಳಿಗಾಗಿ ಒಂದು ಪಂದ್ಯವನ್ನು ಕಲ್ಪಿಸಿಕೊಳ್ಳೋಣ. ರಾತ್ರಿ 11ಕ್ಕೆ ನಾಲ್ವರು ಆಡಲು ಕುಳಿತರು, ಎಂಟು ಪಂದ್ಯಗಳಲ್ಲಿ ಸೋತರು, ಒಂಬತ್ತನೆಯದನ್ನು 2:47ಕ್ಕೆ ಗೆದ್ದರು. ತಂಡದ ಒಟ್ಟು ಕಿಲ್ 14: ಒಬ್ಬ ಗೆಳೆಯನದು 7, ಗೆಳತಿಯದು 5, ಮತ್ತೊಬ್ಬನದು 2, ಅಡಿಬರಹ ಬರೆಯಲಿರುವ ನಿಮ್ಮದು ಸೊನ್ನೆ. ನೀವು ಮೂರು ಬಾರಿ ನಾಕ್ ಆದಿರಿ, ಎರಡು ಬಾರಿ ಗೆಳೆಯರು ಎಬ್ಬಿಸಿದರು, ಮೂರನೆಯ ಬಾರಿ ಯಾರಿಗೂ ಬಳಿಗೆ ಬರಲಾಗದೆ ಹೊರಬಿದ್ದಿರಿ, ಕೊನೆಯ ಆರು ನಿಮಿಷ ಗೆಳೆಯರ ಆಟವನ್ನು ನೋಡುತ್ತಾ ಕುಳಿತಿರಿ.

2. ಬಡಾಯಿಗೆ ಒಂದು ಸಂಗತಿ, ತಪ್ಪೊಪ್ಪಿಗೆಗೆ ಒಂದು ಸಂಗತಿ

ಇಷ್ಟು ಸಾಮಗ್ರಿ ಸಿಕ್ಕಾಗ ಎಲ್ಲವನ್ನೂ ಹೇಳಿಬಿಡುವ ಆಸೆ ಸಹಜ. ಅದನ್ನು ತಡೆದುಕೊಂಡು, ತಂಡದ ಹೆಮ್ಮೆಗೆ ಒಂದು ಸಂಗತಿಯನ್ನೂ ನಿಮ್ಮ ಕಾಲೆಳೆದುಕೊಳ್ಳಲು ಇನ್ನೊಂದನ್ನೂ ಆರಿಸಿ. ಎರಡೂ ಪಂದ್ಯದಲ್ಲಿ ನಿಜವಾಗಿ ನಡೆದದ್ದಾಗಿರಬೇಕು. ‘ನನಗೆ ಆಡಲು ಬರುವುದಿಲ್ಲ’ ಎಂಬುದು ಸಂಗತಿಯಲ್ಲ, ಬರೀ ಅಭಿಪ್ರಾಯ. ‘ಸೊನ್ನೆ ಕಿಲ್’ ಎಂಬುದು ಸಂಗತಿ.

ಬಡಾಯಿಯ ಅಂಕಿಯಲ್ಲಿ ಪದೇಪದೇ ಆಗುವ ತಪ್ಪೊಂದಿದೆ. ‘99 ಜನರನ್ನು ಸೋಲಿಸಿದೆವು’ ಎಂದು ಬರೆಯುವವರು ಬಹಳ. ನೂರರಲ್ಲಿ ನಾಲ್ವರು ನೀವೇ ಆಗಿರುವುದರಿಂದ ಎದುರಾಳಿಗಳು ಹೆಚ್ಚೆಂದರೆ 96. ತೊಂಬತ್ತೊಂಬತ್ತು ಎಂದವರು ತಮ್ಮ ಗೆಳೆಯರನ್ನೂ ಸೋಲಿಸಿದಂತಾಯಿತು. ಅಲ್ಲದೆ ಆ 96 ಜನರಲ್ಲಿ ನಿಮ್ಮ ತಂಡ ಹೊರಹಾಕಿದ್ದು 14 ಜನರನ್ನು ಮಾತ್ರ, ಮಿಕ್ಕ 82 ಜನರು ಪರಸ್ಪರ ಹೊಡೆದಾಡಿಯೋ ವಲಯದ ಹೊರಗೆ ಸಿಕ್ಕಿಯೋ ಹೋದವರು. ಈ ಲೆಕ್ಕವನ್ನು ಮುಚ್ಚಿಡುವ ಬದಲು ಹೇಳಿಬಿಟ್ಟರೆ ಅದೇ ಒಂದು ಅಡಿಬರಹವಾಗುತ್ತದೆ:

‘ಎದುರಾಳಿಗಳು 96 ಜನ. ಹದಿನಾಲ್ಕು ಜನರನ್ನು ನಾವು ನೋಡಿಕೊಂಡೆವು, ಮಿಕ್ಕವರನ್ನು ಅವರವರೇ ನೋಡಿಕೊಂಡರು.’

ಒಂದೇ ಮಾತು, ‘ನೋಡಿಕೊಳ್ಳು’, ಮೊದಲ ಬಾರಿ ಬಡಾಯಿಯಾಗಿ, ಎರಡನೆಯ ಬಾರಿ ತಪ್ಪೊಪ್ಪಿಗೆಯಾಗಿ ಬಂದಿದೆ. ಕೆಲವು ಆಟಗಳಲ್ಲಿ ಎದುರಾಳಿಗಳ ನಡುವೆ ‘ಬಾಟ್’ಗಳು, ಅಂದರೆ ಆಟವೇ ಓಡಿಸುವ ನಕಲಿ ಆಟಗಾರರು, ಸೇರಿರುತ್ತಾರೆ. ಆದ್ದರಿಂದ ‘ಜನ’ ಎಂಬ ಮಾತಿನ ಬಗ್ಗೆ ಅನುಮಾನವಿದ್ದರೆ ‘ಎದುರಾಳಿಗಳು’ ಎಂದಷ್ಟೇ ಬರೆದು ಪಾರಾಗಬಹುದು.

ತಪ್ಪೊಪ್ಪಿಗೆ ನಿಮ್ಮದೇ ಆಗಿರಲಿ. ಗೆಳೆಯನೊಬ್ಬ ಗ್ರೆನೇಡನ್ನು ತಪ್ಪಾಗಿ ನಿಮ್ಮ ತಂಡದ ನಡುವೆಯೇ ಎಸೆದದ್ದು ಎಷ್ಟೇ ನಗು ತರಿಸಿದ್ದರೂ ಅದನ್ನು ಹೇಳುವ ಹಕ್ಕು ಅವನದು. ಅವನ ಒಪ್ಪಿಗೆಯಿಲ್ಲದೆ ಬರೆದರೆ ಅದು ಚಾಡಿಯಾಗುತ್ತದೆ. ಹಾಗೆಯೇ ತಪ್ಪೊಪ್ಪಿಗೆ ಒಂದನ್ನು ಮೀರಿದರೆ ಓದುವವರಿಗೆ ಗೆಲುವೇ ಮರೆತುಹೋಗುತ್ತದೆ: ಸೊನ್ನೆ ಕಿಲ್, ಮೂರು ನಾಕ್, ಆರು ನಿಮಿಷದ ಪ್ರೇಕ್ಷಕಗಿರಿ ಎಲ್ಲವನ್ನೂ ಸಾಲಾಗಿ ಹೇಳಿದವನು ಸಮಾಧಾನದ ಮಾತಿಗೆ ಕಾಯುತ್ತಿರುವಂತೆ ಕಾಣುತ್ತಾನೆ. ನಮ್ಮ ಉದಾಹರಣೆಗೆ ‘ಕೊನೆಯ ಆರು ನಿಮಿಷ’ವನ್ನೇ ಆರಿಸಿಕೊಳ್ಳೋಣ, ಏಕೆಂದರೆ ಅದರಲ್ಲಿ ಗೆಲುವೂ ಇದೆ, ನಿಮ್ಮ ಗೈರುಹಾಜರಿಯೂ ಇದೆ.

3. ಬಡಾಯಿಯ ದನಿಯನ್ನು ಎತ್ತರಿಸಿ

ಓದುವವರಿಗೆ ‘ಇವನು ಬೇಕೆಂದೇ ಕೊಚ್ಚಿಕೊಳ್ಳುತ್ತಿದ್ದಾನೆ’ ಎಂಬುದು ಮೊದಲ ಮಾತಿನಲ್ಲೇ ಗೊತ್ತಾಗಬೇಕು. ಆಡುಮಾತಿನಲ್ಲಿ ಕೊಚ್ಚಿಕೊಂಡರೆ ಅದು ನಿಜವಾದ ಜಂಬವೆಂದೇ ಕೇಳಿಸುತ್ತದೆ. ಸಂದರ್ಭಕ್ಕೆ ಒಗ್ಗದಷ್ಟು ಭಾರವಾದ ಗ್ರಾಂಥಿಕ ಕನ್ನಡವನ್ನು ಹಿಡಿದರೆ ಆ ಭಾರವೇ ನಗುವಿನ ಸುಳಿವು ಕೊಡುತ್ತದೆ. ಈ ಅನುಕೂಲ ಕನ್ನಡದಲ್ಲಿ ಧಾರಾಳವಾಗಿದೆ, ಏಕೆಂದರೆ ನಮ್ಮ ಬರಹದ ಭಾಷೆಗೂ ಮಾತಿನ ಭಾಷೆಗೂ ನಡುವೆ ಸಾಕಷ್ಟು ದೂರವಿದೆ. ಕೆಳಗಿನ ಮೂರು ದನಿಗಳಲ್ಲಿ ಯಾವುದಾದರೂ ಒಂದನ್ನು ಹಿಡಿಯಬಹುದು.

ಮೊದಲನೆಯದು ಪ್ರಕಟಣೆಯ ದನಿ. ‘ಈ ಮೂಲಕ ಸಮಸ್ತರಿಗೂ ತಿಳಿಯಪಡಿಸುವುದೇನೆಂದರೆ, ಬೆಳಗಿನ ಜಾವ 2:47ಕ್ಕೆ ನಡೆದ ಪಂದ್ಯದಲ್ಲಿ ನಮ್ಮ ತಂಡವು ಜಯಗಳಿಸಿರುತ್ತದೆ.’ ಇಲ್ಲಿ ‘ಗಳಿಸಿದೆ’ ಎನ್ನದೆ ‘ಗಳಿಸಿರುತ್ತದೆ’ ಎಂದಿರುವುದನ್ನು ಗಮನಿಸಿ, ಕಚೇರಿಯ ಕಡತದ ವಾಸನೆ ಬರುವುದು ಆ ಕ್ರಿಯಾಪದದಿಂದಲೇ.

ಎರಡನೆಯದು ವಂದಿಮಾಗಧರ ದನಿ, ಅಂದರೆ ಅರಸನ ಬಿರುದುಗಳನ್ನು ಸಾರುವ ಪರಾಕು. ‘ಮೂರು ಬಾರಿ ಉರುಳಿ ಎರಡು ಬಾರಿ ಎದ್ದ ಧೀರ, ಪೊದೆಯಲ್ಲಿ ಅಡಗುವುದರಲ್ಲಿ ಅದ್ವಿತೀಯ, ಶೂನ್ಯ ಕಿಲ್‌ಗಳ ಸಾರ್ವಭೌಮ, ಬಹುಪರಾಕ್!’ ಇದರ ವಿಶೇಷವೆಂದರೆ ಪ್ರತಿಯೊಂದು ಬಿರುದೂ ಬಡಾಯಿಯಾಗಿ ಹೊರಟು ತಪ್ಪೊಪ್ಪಿಗೆಯಾಗಿ ಮುಗಿಯುತ್ತದೆ. ಒಂದೇ ತಪ್ಪೊಪ್ಪಿಗೆ ಸಾಕೆಂದು ಈಗಷ್ಟೇ ಹೇಳಿದ್ದೆ, ಪರಾಕು ಮಾತ್ರ ಅದಕ್ಕೆ ಹೊರತು, ಬಿರುದುಗಳ ಸಾಲು ಉದ್ದವಾದಷ್ಟೂ ಅದು ಪರಾಕಿನಂತೆ ಕೇಳುತ್ತದೆ. ಮೂರಕ್ಕೆ ನಿಲ್ಲಿಸುವುದು ಮೇಲು.

ಮೂರನೆಯದು ಯುದ್ಧದ ವರದಿಯ ದನಿ: ‘ರಣರಂಗವು ನಮ್ಮ ವಶವಾಯಿತು.’ ಚಿಕ್ಕದಾಗಿ ಬರೆಯಬೇಕಾದವರಿಗೆ ಇದೇ ಅನುಕೂಲ, ನಮ್ಮ ಉದಾಹರಣೆಯನ್ನು ಇದರಲ್ಲೇ ಮುಂದುವರಿಸುತ್ತೇನೆ. ದನಿಗಳನ್ನು ಬೆರೆಸಬೇಡಿ. ಪ್ರಕಟಣೆಯಾಗಿ ಶುರುವಾಗಿ ಪರಾಕಿನಲ್ಲಿ ಮುಗಿಯುವ ಅಡಿಬರಹ ಎರಡೂ ಆಗದೆ ಉಳಿಯುತ್ತದೆ.

ಆಟವೇ ದೊಡ್ಡ ಅಕ್ಷರದಲ್ಲಿ ಹೇಳಿರುವುದನ್ನು ಮತ್ತೆ ಬರೆಯುವ ಅಗತ್ಯವಿಲ್ಲ. ಪಬ್‌ಜಿಯ `WINNER WINNER CHICKEN DINNER!`, ಫೋರ್ಟ್‌ನೈಟ್‌ನ `VICTORY ROYALE`, ಫ್ರೀ ಫೈರ್‌ನ `BOOYAH!` ಎಲ್ಲವೂ ಚಿತ್ರದಲ್ಲೇ ಕಾಣುತ್ತಿರುತ್ತವೆ.

4. ತಿರುವನ್ನು ಕ್ರಿಯಾಪದದಲ್ಲಿಡಿ

ಇದು ನನ್ನ ದೃಷ್ಟಿಯಲ್ಲಿ ಇಡೀ ಕೆಲಸದ ತಿರುಳು. ಕನ್ನಡದ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಯಾರು ಮಾಡಿದರೆಂಬುದನ್ನೂ ಅದರ ಪ್ರತ್ಯಯವೇ ಹೇಳಿಬಿಡುತ್ತದೆ. ಹೀಗಾಗಿ ಓದುವವರು ವಾಕ್ಯದ ಕೊನೆಯವರೆಗೂ ಕಾಯಲೇಬೇಕು. ತಪ್ಪೊಪ್ಪಿಗೆಯನ್ನು ಆ ಕೊನೆಯ ಪದದ ಹತ್ತಿರಕ್ಕೆ ತಂದಷ್ಟೂ ನಗು ಗಟ್ಟಿಯಾಗುತ್ತದೆ. ಮೊದಲ ಕರಡು ಹೀಗಿತ್ತೆಂದುಕೊಳ್ಳೋಣ:

‘ನಾನು ಮೊದಲೇ ಸತ್ತುಹೋಗಿದ್ದರೂ ಗೆಳೆಯರು ಚೆನ್ನಾಗಿ ಆಡಿದ್ದರಿಂದ ಬೆಳಗಿನ ಜಾವ 2:47ಕ್ಕೆ ಗೆದ್ದೆವು.’

ಎಲ್ಲವೂ ನಿಜ, ಆದರೆ ಸತ್ತ ಸುದ್ದಿ ಮೊದಲೇ ಬಂದುಬಿಟ್ಟಿದೆ, ಕೊನೆಯಲ್ಲಿ ಉಳಿದಿರುವುದು ಚಿತ್ರ ನೋಡಿದವರಿಗೆ ಆಗಲೇ ಗೊತ್ತಿರುವ ಗೆಲುವು. ಕ್ರಮವನ್ನು ತಿರುಗಿಸಿದರೆ ಎರಡನೆಯ ಕರಡು ಸಿಗುತ್ತದೆ:

‘ಬೆಳಗಿನ ಜಾವ 2:47ಕ್ಕೆ ರಣರಂಗವು ನಮ್ಮ ವಶವಾಯಿತು. ಅಷ್ಟರಲ್ಲಿ ನಾನು ಸತ್ತು ಆರು ನಿಮಿಷವಾಗಿತ್ತು.’

ಇದು ಎಷ್ಟೋ ವಾಸಿ, ಹಲವರು ಇಲ್ಲಿಗೇ ನಿಲ್ಲಿಸಬಹುದು. ಆದರೆ ಇದರಲ್ಲಿ ಎರಡು ಕೊರತೆಗಳಿವೆ. ಮೊದಲ ವಾಕ್ಯದಲ್ಲಿ ಇದ್ದ ಬಡಾಯಿ ಎರಡನೆಯದರಲ್ಲಿ ಪೂರ್ತಿ ಇಳಿದುಹೋಗಿದೆ. ಇನ್ನೊಂದು ಹೆಚ್ಚು ಗಂಭೀರವಾದದ್ದು: ಇಡೀ ಬರಹದಲ್ಲಿ ಇದು ಆಟವೆಂಬ ಸೂಚನೆಯೇ ಇಲ್ಲ. ಚಿತ್ರ ತೆರೆದುಕೊಳ್ಳುವ ಮುನ್ನ ಬರಹವನ್ನಷ್ಟೇ ಓದಿದ ಬಂಧುಗಳಿಗೆ, ಅದೂ ಆ ಹೊತ್ತಿನಲ್ಲಿ, ‘ನಾನು ಸತ್ತು ಆರು ನಿಮಿಷವಾಗಿತ್ತು’ ಎಂಬ ಸಾಲು ಕಂಡರೆ ಗಾಬರಿಯಾಗುವುದು ಖಂಡಿತ. ‘ಕೊಂದೆವು’, ‘ಮುಗಿಸಿದೆವು’ ಎಂಬ ಮಾತುಗಳಿಗೂ ಇದೇ ಎಚ್ಚರಿಕೆ ಸಲ್ಲುತ್ತದೆ. ‘ಪಂದ್ಯ’ ಎಂಬ ಒಂದು ಪದವನ್ನು ಮೊದಲ ವಾಕ್ಯದಲ್ಲಿ ಸೇರಿಸಿದರೆ ಈ ತೊಂದರೆ ತಪ್ಪುತ್ತದೆ. ಮೊದಲನೆಯ ಕೊರತೆಗೆ ಪರಿಹಾರವೆಂದರೆ ತಪ್ಪೊಪ್ಪಿಗೆಗೂ ಬಡಾಯಿಯ ವೇಷ ತೊಡಿಸುವುದು. ಮೂರನೆಯ ಕರಡು:

‘ಬೆಳಗಿನ ಜಾವ 2:47, ಒಂಬತ್ತನೆಯ ಪಂದ್ಯ: ರಣರಂಗ ನಮ್ಮದಾಯಿತು. ಕೊನೆಯ ಆರು ನಿಮಿಷ ತಂಡವನ್ನು ನಾನು ಸ್ವರ್ಗದಿಂದಲೇ ಮುನ್ನಡೆಸಿದೆ.’

ಸತ್ತೆನೆಂದು ಎಲ್ಲಿಯೂ ಹೇಳಿಲ್ಲ, ‘ಮುನ್ನಡೆಸಿದೆ’ ಎಂದು ಕೊನೆಯವರೆಗೂ ಕೊಚ್ಚಿಕೊಂಡಿದ್ದಾಗಿದೆ, ಆದರೆ ‘ಸ್ವರ್ಗ’ ಎಲ್ಲವನ್ನೂ ಬಯಲುಮಾಡುತ್ತದೆ. ‘ಒಂಬತ್ತನೆಯ ಪಂದ್ಯ’ ಎಂಬ ಮಾತು ಹಿಂದಿನ ಎಂಟು ಸೋಲುಗಳನ್ನು ಸದ್ದಿಲ್ಲದೆ ಒಪ್ಪಿಕೊಂಡಿದೆ, ಅದನ್ನು ಗಮನಿಸಿದವರು ಇನ್ನೊಮ್ಮೆ ನಗುತ್ತಾರೆ, ಗಮನಿಸದವರಿಗೆ ನಷ್ಟವೇನಿಲ್ಲ.

ತನ್ನೊಬ್ಬನನ್ನೇ ‘ನಾವು’ ಎಂದು ರಾಜಗಾಂಭೀರ್ಯದಿಂದ ಕರೆದುಕೊಳ್ಳುವ ಆಟವೂ ಸೊಗಸಾದದ್ದೇ: ‘ಆ ಹೊತ್ತಿಗೆ ನಾವು ಪರಂಧಾಮದಲ್ಲಿ ವಿಶ್ರಮಿಸುತ್ತಿದ್ದೆವು.’ ಆದರೆ ಇದೇ ಅಡಿಬರಹದಲ್ಲಿ ‘ನಮ್ಮದಾಯಿತು’ ಎಂದು ತಂಡದ ಬಗ್ಗೆ ಹೇಳಿರುವುದರಿಂದ, ವಿಶ್ರಮಿಸಿದ್ದು ನೀವೊಬ್ಬರೋ ನಾಲ್ವರೋ ಎಂಬ ಗೊಂದಲವಾಗುತ್ತದೆ. ಒಂದು ಬರಹದಲ್ಲಿ ‘ನಾವು’ ಒಂದೇ ಅರ್ಥದಲ್ಲಿರಲಿ.

5. ಅಕ್ಷರಗಳನ್ನು ಎಣಿಸಿ, ಕಾಗುಣಿತವನ್ನು ನೋಡಿ

ಇನ್‌ಸ್ಟಾಗ್ರಾಮ್ 2,200 ಚಿಹ್ನೆಗಳವರೆಗೆ ಬರೆಯಲು ಬಿಡುತ್ತದೆ, ಆದರೆ ಮೇಲ್ನೋಟಕ್ಕೆ ಆರಂಭದ ಸ್ವಲ್ಪ ಭಾಗವನ್ನಷ್ಟೇ ತೋರಿಸಿ ಉಳಿದದ್ದನ್ನು `more` ಎಂಬುದರ ಹಿಂದೆ ಮರೆಸುತ್ತದೆ. ನಿಮ್ಮ ತಿರುವು ಆ ಮರೆಯಲ್ಲಿ ಸಿಕ್ಕಿಕೊಂಡರೆ ಲೋಕಕ್ಕೆ ಕಾಣುವುದು ಬರೀ ಜಂಬ. ಎಕ್ಸ್‌ನಲ್ಲಿ ಹಣ ಕೊಡದ ಖಾತೆಗಳಿಗೆ ಮಿತಿ 280. ಇಲ್ಲಿ ಕನ್ನಡಿಗರು ಎಡವುವ ಜಾಗವೊಂದಿದೆ: ಎಣಿಕೆಗೆ ಬರುವುದು ನಮ್ಮ ಕಣ್ಣಿಗೆ ಕಾಣುವ ಅಕ್ಷರಗಳಲ್ಲ, ಸ್ವರಚಿಹ್ನೆ ಮತ್ತು ಒತ್ತಕ್ಷರದ ಕೊಂಡಿಗಳೂ ಪ್ರತ್ಯೇಕವಾಗಿ ಲೆಕ್ಕಕ್ಕೆ ಸೇರುತ್ತವೆ. ‘ಗೆದ್ದೆವು’ ನಮಗೆ ಮೂರು ಅಕ್ಷರ, ಯಂತ್ರಕ್ಕೆ ಎಂಟು. ನಮ್ಮ ಮೂರನೆಯ ಕರಡು ಈ ಲೆಕ್ಕದಲ್ಲಿ ಸುಮಾರು 107 ಆಗುತ್ತದೆ, ಎಲ್ಲಿಯೂ ತೊಂದರೆಯಿಲ್ಲ. ಪರಾಕಿಗೆ ನಾಲ್ಕೈದು ಬಿರುದು ಸೇರಿಸಿದವರು ಮಾತ್ರ ಎಣಿಸಿ ನೋಡಬೇಕು.

ನಿದ್ದೆಗಣ್ಣಿನ ಕಾಗುಣಿತ ಇನ್ನೂ ಅಪಾಯಕಾರಿ. ‘ಗೆದ್ದೆವು’ ಎಂದರೆ ನಾವು ಗೆದ್ದೆವು, ಒಂದು ಎತ್ವ ಬಿಟ್ಟುಹೋಗಿ ‘ಗೆದ್ದವು’ ಎಂದಾದರೆ ಅವು ಗೆದ್ದವು, ಅಂದರೆ ನಿಮ್ಮ ವೀರರ ತಂಡ ಒಂದು ಚಿಹ್ನೆಯ ಅಂತರದಲ್ಲಿ ದನಕರುಗಳ ಸಾಲಿಗೆ ಸೇರಿತು. ‘ಆಡಿದೆವು’, ‘ಹೊಡೆದೆವು’ ಎಲ್ಲಕ್ಕೂ ಇದೇ ಗಂಡಾಂತರ. ಹಾಕುವ ಮುನ್ನ ಕ್ರಿಯಾಪದಗಳನ್ನಷ್ಟೇ ಒಮ್ಮೆ ಗಟ್ಟಿಯಾಗಿ ಓದಿ, ಮನೆಯವರು ಮಲಗಿದ್ದರೆ ಪಿಸುಗುಟ್ಟಿ.

ಕೊನೆಯಲ್ಲಿ ನಗುವ ಮುಖಗಳ ಚಿತ್ರಗಳನ್ನು ಸುರಿಯಬೇಡಿ, ಅದು ‘ಇಲ್ಲಿ ನಗಬೇಕು’ ಎಂದು ಹೇಳಿಕೊಟ್ಟಂತೆ. ಒಂದು ಕಿರೀಟ ಸಾಕು, ಇಲ್ಲದಿದ್ದರೂ ಸರಿ.

6. ಚಿತ್ರವನ್ನು ತೊಳೆದು, ಒಪ್ಪಿಗೆ ಪಡೆದು ಹಾಕಿ

ಫಲಿತಾಂಶದ ಪರದೆಯಲ್ಲಿ ನಿಮ್ಮ ಆಟದ ಗುರುತಿನ ಸಂಖ್ಯೆ, ಗೆಳೆಯರ ಹೆಸರುಗಳು, ಕೆಲವೊಮ್ಮೆ ಮೂಲೆಯಲ್ಲಿ ಮಾತುಕತೆಯ ಸಾಲುಗಳು ಇರುತ್ತವೆ. ಬೇಡದ್ದನ್ನು ಕತ್ತರಿಸಿ ತೆಗೆಯುವುದೇ ಒಳ್ಳೆಯದು. ಬಳಿಯುವುದಾದರೆ ಪೂರ್ತಿ ಮುಚ್ಚುವ ಬಣ್ಣವನ್ನೇ ಬಳಸಿ, ಏಕೆಂದರೆ ಹೈಲೈಟರಿನಂಥ ತೆಳು ಕುಂಚದಿಂದ ಬಳಿದದ್ದು ಚಿತ್ರದ ಹೊಳಪನ್ನು ಹೆಚ್ಚಿಸಿದರೆ ಮತ್ತೆ ಕಾಣಿಸಿಕೊಳ್ಳಬಹುದು. ಸೋತ ಎದುರಾಳಿಗಳ ಹೆಸರು ಹಿಡಿದು ಹಂಗಿಸುವುದಂತೂ ಬೇಡವೇ ಬೇಡ, ಮೇಲಿನ ಐದು ಹಂತಗಳ ಶ್ರಮವೆಲ್ಲ ಅಲ್ಲಿಗೆ ಮಣ್ಣುಪಾಲು.

ಗೆಳೆಯರನ್ನು ಬರಹದೊಡನೆ ಟ್ಯಾಗ್ ಮಾಡುವ ಮುನ್ನ, ಅಂದರೆ ಅವರ ಖಾತೆಯನ್ನು ಜೋಡಿಸುವ ಮುನ್ನ, ತಂಡದ ಗುಂಪಿನಲ್ಲಿ ಒಂದು ಮಾತು ಕೇಳಿ. ಹತ್ತೂವರೆಗೇ ಮಲಗಿದೆನೆಂದು ಯಾರಿಗೋ ಹೇಳಿ ಬಂದವರು ನಾಲ್ವರಲ್ಲಿ ಒಬ್ಬರಾದರೂ ಇರುತ್ತಾರೆ, ‘2:47’ ಎಂಬ ನಿಮ್ಮ ಹೆಮ್ಮೆಯ ಅಂಕಿ ಅವರ ಪಾಲಿಗೆ ಸಾಕ್ಷ್ಯವಾಗುತ್ತದೆ. ಅಂಥವರಿದ್ದರೆ ಟ್ಯಾಗ್ ಬಿಡಿ, ಇಲ್ಲವೇ ಆಪ್ತರಿಗಷ್ಟೇ ಕಾಣುವಂತೆ ಹಾಕಿ.

ಐದೈದು ಜನರ ಎರಡು ತಂಡಗಳು ಸುತ್ತುಗಳ ಲೆಕ್ಕದಲ್ಲಿ ಸೆಣಸುವ ವ್ಯಾಲರೆಂಟ್‌ನಂಥ ಆಟದಲ್ಲಾದರೆ ಇದೇ ಕ್ರಮದಲ್ಲಿ ಅಂಕಿಯನ್ನು ಮಾತ್ರ ಬದಲಿಸಿಕೊಳ್ಳಿ. ಅಲ್ಲಿ ಸಾಮಾನ್ಯವಾಗಿ 13 ಸುತ್ತು ಗೆದ್ದವರು ಪಂದ್ಯ ಗೆಲ್ಲುತ್ತಾರೆ. 13-3ರ ಗೆಲುವಿಗೆ ಬಡಾಯಿ ತಾನಾಗಿಯೇ ಬರುತ್ತದೆ, 13-11ಕ್ಕೆ ತಪ್ಪೊಪ್ಪಿಗೆಯೇ ಬಂಡವಾಳ.

7. ಉತ್ತರದಲ್ಲೂ ವೇಷ ಕಳಚಬೇಡಿ

ಅಡಿಬರಹ ಹಾಕಿದ ಹತ್ತು ನಿಮಿಷದೊಳಗೆ ಏಳು ಕಿಲ್ ಮಾಡಿದ ಗೆಳೆಯ ಬಂದು ‘ನೀನು ಆಗ ಸತ್ತಿದ್ದೆಯಲ್ಲೋ’ ಎಂದು ಬರೆಯುತ್ತಾನೆ. ‘ಹೌದು, ತಮಾಷೆಗೆ ಬರೆದೆ’ ಎಂದು ವಿವರಣೆ ಕೊಟ್ಟರೆ ಕಟ್ಟಿದ್ದೆಲ್ಲ ಕುಸಿಯುತ್ತದೆ. ಮೊದಲು ಹಿಡಿದ ದನಿಯಲ್ಲೇ, ಅಷ್ಟೇ ಗಾಂಭೀರ್ಯದಿಂದ, ಒಂದೇ ಸಾಲಿನಲ್ಲಿ ಉತ್ತರಿಸಿ: ‘ಮೇಲಿನಿಂದ ಮೈದಾನ ಸ್ಪಷ್ಟವಾಗಿ ಕಾಣುತ್ತಿತ್ತು, ನೀನು ನನ್ನ ಆದೇಶಗಳನ್ನು ಚೆನ್ನಾಗಿಯೇ ಪಾಲಿಸಿದೆ.’